ವಂಚನೆಯ ವೀಡಿಯೋಗೆ ಶೀರ್ಷಿಕೆ: ಎಚ್ಚರಿಸಬೇಕು, ಕಲಿಸಬಾರದು

ದೂರವಾಣಿಯ ಮೂಲಕ ನಡೆಯುವ ಹಣಕಾಸು ವಂಚನೆಗಳ ಕುರಿತು ವರ್ತಕರ ಸಂಘಗಳು, ಸಹಕಾರ ಬ್ಯಾಂಕುಗಳು ಹಾಗೂ ಉದ್ಯಮ ಸಂಸ್ಥೆಗಳು ತಮ್ಮ ಸದಸ್ಯರಿಗಾಗಿ ಕಿರು ವೀಡಿಯೋಗಳನ್ನು ಸಿದ್ಧಪಡಿಸುವುದು ಈಗ ಸಾಮಾನ್ಯವಾಗಿದೆ. ಐದಾರು ನಿಮಿಷಗಳ ಇಂತಹ ಒಂದು ವೀಡಿಯೋಗೆ ಪೊಲೀಸ್ ಅಧಿಕಾರಿಗಳ ಸಲಹೆ ಪಡೆಯಲಾಗುತ್ತದೆ, ಬ್ಯಾಂಕ್ ವ್ಯವಸ್ಥಾಪಕರಿಂದ ಮಾತನಾಡಿಸಲಾಗುತ್ತದೆ, ಸಂಭಾಷಣೆಯನ್ನು ಎರಡು ಮೂರು ಬಾರಿ ತಿದ್ದಲಾಗುತ್ತದೆ. ಆದರೆ ಶೀರ್ಷಿಕೆಯ ವಿಷಯ ಬಂದಾಗ ಮಾತ್ರ ಯಾರಿಗೂ ಪುರುಸೊತ್ತು ಇರುವುದಿಲ್ಲ. ವೀಡಿಯೋವನ್ನು ಯೂಟ್ಯೂಬ್‌ಗೆ ಏರಿಸುವ ಕಚೇರಿ ಸಹಾಯಕರು ಆ ಗಳಿಗೆಯಲ್ಲಿ ತಮಗೆ ತೋಚಿದ್ದನ್ನು ಟೈಪ್ ಮಾಡಿಬಿಡುತ್ತಾರೆ. ಹೀಗಾಗಿಯೇ ಸದುದ್ದೇಶದಿಂದ ತಯಾರಾದ ಎಷ್ಟೋ ವೀಡಿಯೋಗಳು ‘ಫೋನಿನಲ್ಲಿ ಹಣ ದೋಚುವುದು ಹೇಗೆ? ಐದು ವಿಧಾನಗಳು’ ಎಂಬಂತಹ ಹೆಸರನ್ನು ಹೊತ್ತು ತಿರುಗುತ್ತವೆ.

ಈ ಹೆಸರನ್ನು ಇಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಶೀರ್ಷಿಕೆ ಎಂಬುದು ವೀಡಿಯೋದಿಂದ ಬೇರ್ಪಟ್ಟು ಸಂಚರಿಸುವ ವಸ್ತು ಎಂಬುದನ್ನು ಗಮನಿಸಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಕೊಂಡಿಯನ್ನು ಹಂಚಿದಾಗ ಬಹುತೇಕರು ನೋಡುವುದು ಒಂದು ಸಣ್ಣ ಚಿತ್ರ ಮತ್ತು ಶೀರ್ಷಿಕೆಯ ಒಂದೆರಡು ಸಾಲುಗಳನ್ನು ಮಾತ್ರ. ವೀಡಿಯೋವನ್ನು ತೆರೆಯುವವರು ಅವರಲ್ಲಿ ಕೆಲವರೇ. ತೆರೆಯದವರ ಪಾಲಿಗೆ ಆ ಶೀರ್ಷಿಕೆಯೇ ಸಂಪೂರ್ಣ ಸಂದೇಶ. ಆ ಒಂದೆರಡು ಸಾಲು ವಂಚಕನ ಉಪಾಯವನ್ನು ಹೇಳುತ್ತದೆಯೋ, ಅದರಿಂದ ಪಾರಾಗುವ ಉಪಾಯವನ್ನು ಹೇಳುತ್ತದೆಯೋ ಎಂಬುದರ ಮೇಲೆ ಉಳಿದದ್ದು ನಿಂತಿದೆ.

ಕರ್ತೃವಿಲ್ಲದ ಕ್ರಿಯೆ

ಕನ್ನಡದಲ್ಲಿ ಶೀರ್ಷಿಕೆ ಬರೆಯುವವರಿಗೆ ಒಂದು ವಿಶೇಷ ತೊಡಕು ಇದೆ. ‘ದೋಚುವುದು’, ‘ಕದಿಯುವುದು’, ‘ಖಾಲಿ ಮಾಡುವುದು’ ಎಂಬ ಕ್ರಿಯಾರೂಪಗಳು ಕರ್ತೃವನ್ನು ಹೇಳದೆಯೇ ಪೂರ್ಣವಾಗುತ್ತವೆ. ‘ಖಾತೆ ಖಾಲಿ ಮಾಡುವುದು ಹೇಗೆ?’ ಎಂದಾಗ ಖಾಲಿ ಮಾಡುವವನು ಯಾರು ಎಂಬ ಸ್ಥಾನ ತೆರವಾಗಿಯೇ ಉಳಿಯುತ್ತದೆ. ಓದುವವನು ಆ ಸ್ಥಾನದಲ್ಲಿ ತನ್ನನ್ನೇ ಕೂರಿಸಿಕೊಳ್ಳುತ್ತಾನೆ. ‘ಹೋಳಿಗೆ ಮಾಡುವುದು ಹೇಗೆ?’ ಎಂಬ ಶೀರ್ಷಿಕೆಯ ಮಾದರಿಯೂ ಇದೇ ಆದ್ದರಿಂದ, ಓದುಗನ ಕಿವಿಗೆ ಇದು ಪಾಠದಂತೆಯೇ ಕೇಳಿಸುತ್ತದೆ. ‘ಖಾಲಿ ಮಾಡುತ್ತಾರೆ ಹೇಗೆ?’ ಎಂದು ಬದಲಿಸಿದರೆ ಕರ್ತೃ ಬೇರೆಯವನಾಗುತ್ತಾನೆ, ಅಷ್ಟರಮಟ್ಟಿಗೆ ಸುಧಾರಣೆ. ಆದರೆ ಆಗಲೂ ಕಥಾನಾಯಕ ಕಳ್ಳನೇ. ‘ಖಾಲಿಯಾಗದಂತೆ ನೋಡಿಕೊಳ್ಳುವುದು ಹೇಗೆ?’ ಎಂದಾಗ ಮಾತ್ರ ತೆರವಾದ ಆ ಸ್ಥಾನಕ್ಕೆ ಖಾತೆದಾರ ಬಂದು ಕೂರುತ್ತಾನೆ.

ಆದ್ದರಿಂದ ಶೀರ್ಷಿಕೆಯನ್ನು ಪರೀಕ್ಷಿಸುವ ಮೊದಲ ವಿಧಾನ ಸುಲಭವಾದದ್ದು. ಶೀರ್ಷಿಕೆಯಲ್ಲಿರುವ ಕ್ರಿಯಾಪದವನ್ನು ಗುರುತಿಸಿ, ಆ ಕೆಲಸವನ್ನು ಮಾಡುವವರು ಯಾರು ಎಂದು ಕೇಳಿಕೊಳ್ಳಬೇಕು. ಉತ್ತರ ‘ವಂಚಕ’ ಎಂದಾದರೆ ಅಥವಾ ‘ಯಾರು ಬೇಕಾದರೂ’ ಎಂದಾದರೆ ಶೀರ್ಷಿಕೆಯನ್ನು ತಿದ್ದಬೇಕು. ಉತ್ತರ ‘ಕರೆ ಸ್ವೀಕರಿಸಿದವರು’ ಎಂದಿರಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ವಂಚನೆಯನ್ನೇ ಕಸುಬಾಗಿಸಿಕೊಂಡವರು ನಮ್ಮ ಸಂಘದ ವೀಡಿಯೋ ನೋಡಿ ಕಲಿಯಬೇಕಾಗಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ನಿಜ. ಪಾಠದ ಧಾಟಿಯ ಶೀರ್ಷಿಕೆಯಿಂದ ಆಗುವ ದೊಡ್ಡ ನಷ್ಟ ಪಳಗಿದ ವಂಚಕರಿಗೆ ಸಂಬಂಧಿಸಿದ್ದಲ್ಲ. ಕುತೂಹಲಕ್ಕೆ ಹುಡುಕುವ ಹುಡುಗರನ್ನು ಅದು ಕರೆತರುತ್ತದೆ ಎಂಬುದು ಒಂದು. ಅದಕ್ಕಿಂತ ಮುಖ್ಯವಾಗಿ, ಪ್ರಾಮಾಣಿಕ ಪ್ರೇಕ್ಷಕನ ನೆನಪಿನಲ್ಲಿ ತಪ್ಪಾದ ಭಾಗವನ್ನು ಅದು ಉಳಿಸುತ್ತದೆ. ‘ಐದು ವಿಧಾನಗಳು’ ಎಂದು ತಿಳಿದು ನೋಡಿದವನು ಐದು ವಿಧಾನಗಳನ್ನು ನೆನಪಿಡಲು ಯತ್ನಿಸುತ್ತಾನೆ. ಆರನೆಯ ವಿಧಾನದ ಕರೆ ಬಂದಾಗ ಅವನ ಬಳಿ ಯಾವ ಸಿದ್ಧತೆಯೂ ಇರುವುದಿಲ್ಲ.

ತಂತಿಯ ಎರಡು ಕೊನೆಗಳು

ಏನನ್ನು ಹೇಳಬಹುದು, ಏನನ್ನು ಬಿಡಬೇಕು ಎಂಬುದಕ್ಕೆ ಉಪಯುಕ್ತವಾದ ಒಂದು ಗೆರೆಯಿದೆ. ಪ್ರತಿಯೊಂದು ಕರೆಗೂ ಎರಡು ಕೊನೆಗಳಿವೆ. ಈ ಕೊನೆಯಲ್ಲಿ ಅಂಗಡಿಯವನಿಗೆ ಕೇಳಿಸುವ ಮಾತು, ಅವನ ಪರದೆಯ ಮೇಲೆ ಕಾಣುವ ಅಕ್ಷರ, ಅವನ ಬೆರಳಿನಿಂದ ಮಾಡಿಸುವ ಕೆಲಸ ಇವೆ. ಆ ಕೊನೆಯಲ್ಲಿ ದೂರವಾಣಿ ಸಂಖ್ಯೆಗಳ ಪಟ್ಟಿ ಎಲ್ಲಿಂದ ಬಂತು, ಸಿಮ್ ಕಾರ್ಡ್ ಯಾರ ಹೆಸರಿನದು, ಹಣ ಯಾವ ಬಾಡಿಗೆ ಖಾತೆಗೆ ಹೋಗಿ ಅಲ್ಲಿಂದ ಹೇಗೆ ಚದುರುತ್ತದೆ ಎಂಬ ಸಂಗತಿಗಳಿವೆ. ಮೊದಲನೆಯ ಕೊನೆಯದನ್ನು ವೀಡಿಯೋದಲ್ಲಿ ಧಾರಾಳವಾಗಿ ತೋರಿಸಬಹುದು, ತೋರಿಸಲೇಬೇಕು. ಅದನ್ನು ಮೊದಲೇ ಕಂಡವನಿಗೆ ಮಾತ್ರ ಗುರುತು ಸಿಗುತ್ತದೆ. ಎರಡನೆಯ ಕೊನೆಯದರಿಂದ ಪ್ರೇಕ್ಷಕನಿಗೆ ಯಾವ ರಕ್ಷಣೆಯೂ ದೊರೆಯುವುದಿಲ್ಲ. ಹಣ ಯಾವ ಹಾದಿಯಲ್ಲಿ ಚದುರುತ್ತದೆ ಎಂದು ತಿಳಿದ ಮಾತ್ರಕ್ಕೆ ಅಂಗಡಿಯವನ ಒಂದು ರೂಪಾಯಿಯೂ ಉಳಿಯದು.

ಇದಕ್ಕೆ ಒಂದೇ ಅಪವಾದವನ್ನು ವರ್ತಕರು ತಿಳಿದಿರಬೇಕು. ಚಾಲ್ತಿ ಖಾತೆ ಇರುವವರ ಬಳಿಗೆ ‘ನಿಮ್ಮ ಖಾತೆಯನ್ನು ಕೆಲವು ದಿನ ಬಳಸಲು ಕೊಡಿ, ಕಮಿಷನ್ ಕೊಡುತ್ತೇವೆ’ ಎಂದು ಬರುವವರುಂಟು. ಅಲ್ಲಿ ವರ್ತಕನೇ ಅರಿವಿಲ್ಲದೆ ಆ ಕೊನೆಗೆ ಸೇರಿಬಿಡುವ ಅಪಾಯವಿದೆ. ಅದಕ್ಕೆ ಬೇರೆಯೇ ವೀಡಿಯೋ, ಬೇರೆಯೇ ಶೀರ್ಷಿಕೆ ಬೇಕು. ಎರಡನ್ನೂ ಒಂದರಲ್ಲಿ ತುರುಕಿದರೆ ಶೀರ್ಷಿಕೆ ಯಾರನ್ನು ಉದ್ದೇಶಿಸಿದ್ದೆಂದೇ ತಿಳಿಯದಂತಾಗುತ್ತದೆ.

ವೀಡಿಯೋದಲ್ಲಿ ಹೇಳಬಹುದಾದುದೆಲ್ಲವನ್ನೂ ಶೀರ್ಷಿಕೆಯಲ್ಲಿ ಹೇಳಬೇಕಾಗಿಲ್ಲ ಎಂಬುದೂ ಗಮನಾರ್ಹ. ಉದಾಹರಣೆಗೆ, ವಂಚಕರು ಮೊದಲು ಸಣ್ಣ ಮೊತ್ತವೊಂದನ್ನು ನಿಜವಾಗಿಯೂ ಕಳುಹಿಸಿ ನಂಬಿಕೆ ಹುಟ್ಟಿಸುವುದುಂಟು. ಇದು ಈ ಕೊನೆಯಲ್ಲಿ ಕಾಣುವ ಸಂಗತಿಯೇ ಆದ್ದರಿಂದ ವೀಡಿಯೋದೊಳಗೆ ಬರಲೇಬೇಕು. ಆದರೆ ‘ಒಂದು ರೂಪಾಯಿ ಕಳಿಸಿ ಸಾವಿರಾರು ದೋಚುವ ತಂತ್ರ’ ಎಂದು ಶೀರ್ಷಿಕೆಗೆ ಏರಿಸಿದರೆ, ವಿವರಣೆಯಿಲ್ಲದ ಬರಿಯ ತಂತ್ರ ಮಾತ್ರ ಹೊರಗೆ ಸಂಚರಿಸುತ್ತದೆ.

ಮಿಠಾಯಿ ಅಂಗಡಿಯ ಪ್ರಕರಣ

ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವುದು ಒಳಿತು. ಜಿಲ್ಲಾ ಕೇಂದ್ರವೊಂದರ ವರ್ತಕರ ಸಂಘವು ತನ್ನ ಸದಸ್ಯರಾದ ಹೋಟೆಲು, ಬೇಕರಿ ಹಾಗೂ ಮಿಠಾಯಿ ಅಂಗಡಿಗಳವರಿಗಾಗಿ ಆರು ನಿಮಿಷಗಳ ವೀಡಿಯೋ ಮಾಡಿದೆ ಎಂದಿಟ್ಟುಕೊಳ್ಳೋಣ. ಅದರ ಕಥಾವಸ್ತು ದೇಶದ ಹಲವೆಡೆ ಪೊಲೀಸರು ಎಚ್ಚರಿಸುತ್ತ ಬಂದಿರುವ ಪರಿಚಿತ ವಂಚನೆ. ಸೇನೆಯವನೆಂದು ಹೇಳಿಕೊಳ್ಳುವ ವ್ಯಕ್ತಿಯೊಬ್ಬ ಕರೆಮಾಡಿ, ಶಿಬಿರದಲ್ಲಿ ಸಮಾರಂಭವಿದೆ, 25 ಕಿಲೋ ಮೈಸೂರು ಪಾಕ್ ಬೇಕು ಎನ್ನುತ್ತಾನೆ. ಕಿಲೋಗೆ 600 ರೂಪಾಯಿಯಂತೆ 15,000 ರೂಪಾಯಿ ಆಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಚೌಕಾಸಿಯೇ ಇಲ್ಲ. ಅರ್ಧ ಮುಂಗಡವಾಗಿ 7,500 ರೂಪಾಯಿ ಈಗಲೇ ಕಳುಹಿಸುವುದಾಗಿ ಹೇಳಿ, ವಾಟ್ಸ್‌ಆ್ಯಪ್‌ನಲ್ಲಿ ಗುರುತಿನ ಚೀಟಿಯ ಚಿತ್ರವನ್ನೂ ಒಂದು ಕ್ಯೂ.ಆರ್. ಸಂಕೇತವನ್ನೂ ಕಳುಹಿಸುತ್ತಾನೆ. ‘ನಮ್ಮ ಇಲಾಖೆಯ ಪದ್ಧತಿ ಹೀಗೆ, ಇದನ್ನು ಸ್ಕ್ಯಾನ್ ಮಾಡಿದರೆ ಹಣ ನಿಮಗೆ ಬರುತ್ತದೆ’ ಎನ್ನುತ್ತಾನೆ. ಅಂಗಡಿಯವರು ಸ್ಕ್ಯಾನ್ ಮಾಡುತ್ತಾರೆ, ಪರದೆಯಲ್ಲಿ 7,500 ಎಂಬ ಅಂಕಿ ಕಾಣುತ್ತದೆ, ಪಿನ್ ಒತ್ತುತ್ತಾರೆ. ಹಣ ಬರುವುದರ ಬದಲು ಹೋಗುತ್ತದೆ. ‘ಏನೋ ತಪ್ಪಾಯಿತು, ಮತ್ತೊಮ್ಮೆ ಮಾಡಿ, ಎರಡೂ ಸೇರಿ ಬರುತ್ತದೆ’ ಎಂದು ಆತ ಅವಸರಪಡಿಸುತ್ತಾನೆ. ಎರಡನೆಯ 7,500 ಕೂಡ ಹೋದಾಗ, ಪೂರ್ತಿ ಆರ್ಡರಿನ ಮೊತ್ತವೇ ಅಂಗಡಿಯ ಖಾತೆಯಿಂದ ಕಳೆದುಹೋಗಿರುತ್ತದೆ.

ಈ ವೀಡಿಯೋಗೆ ಸೂಚಿತವಾದ ಮೊದಲ ಶೀರ್ಷಿಕೆ ‘ಸೈನಿಕರ ಹೆಸರಿನಲ್ಲಿ ಹಣ ಲಪಟಾಯಿಸುವುದು ಹೇಗೆ?’ ಎಂದಿತ್ತು ಎನ್ನೋಣ. ಕರ್ತೃವಿಲ್ಲದ ಕ್ರಿಯೆಯ ದೋಷ ಇದರಲ್ಲಿ ಎದ್ದು ಕಾಣುತ್ತದೆ. ಅದರ ಜೊತೆಗೆ ಯಾವ ಸೋಗು ಫಲಿಸುತ್ತದೆ ಎಂಬ ಸಲಹೆಯೂ ಇದರಲ್ಲಿದೆ. ನಿಜವಾದ ಯೋಧನೊಬ್ಬ ಆರ್ಡರು ಕೊಟ್ಟಾಗ ಅವನನ್ನು ಅನುಮಾನದಿಂದ ಕಾಣುವಂತೆಯೂ ಇದು ಮಾಡುತ್ತದೆ. ನಾಳೆ ಅದೇ ವಂಚಕ ಶಾಲಾ ಮುಖ್ಯೋಪಾಧ್ಯಾಯನ ಸೋಗು ಹಾಕಿದರೆ ಈ ಎಚ್ಚರಿಕೆಯಿಂದ ಪ್ರಯೋಜನವೂ ಇಲ್ಲ.

ಎರಡನೆಯ ಸಲಹೆ ‘ಕ್ಯೂ.ಆರ್. ವಂಚಕರ ಗುಟ್ಟು ರಟ್ಟು!’ ಎಂಬುದು. ಪತ್ರಿಕೆಗಳ ಓದುಗರಿಗೆ ಇದು ಪರಿಚಿತ ಧಾಟಿ. ಆದರೆ ಗುಟ್ಟು ಎಂದು ಹೇಳಿದ ಮೇಲೆ ಗುಟ್ಟನ್ನು ಕೊಡಬೇಕಾಗುತ್ತದೆ. ಇಂತಹ ಶೀರ್ಷಿಕೆ ಇಟ್ಟ ತಯಾರಕರು ಮಾತನ್ನು ಉಳಿಸಿಕೊಳ್ಳಲು ಆ ಕೊನೆಯ ವಿವರಗಳನ್ನು ವೀಡಿಯೋದೊಳಗೆ ಸೇರಿಸತೊಡಗುತ್ತಾರೆ. ಶೀರ್ಷಿಕೆಯೇ ವಿಷಯವನ್ನು ಎಳೆದೊಯ್ಯುವ ವಿಪರ್ಯಾಸ ಇದು.

ಮೂರನೆಯದು ‘ಎಚ್ಚರಿಕೆ! ಎಚ್ಚರಿಕೆ! ಸೈಬರ್ ವಂಚನೆ’ ಎಂದು. ಇದರಿಂದ ಯಾರಿಗೂ ಕೇಡಿಲ್ಲ, ಯಾರಿಗೂ ಉಪಯೋಗವೂ ಇಲ್ಲ. ಯಾವ ಕರೆ, ಯಾರಿಗೆ, ಏನು ಮಾಡಬೇಕು ಎಂಬ ಮೂರರಲ್ಲಿ ಒಂದೂ ಇದರಲ್ಲಿಲ್ಲ.

ನಾಲ್ಕನೆಯ ಸಲಹೆಯಲ್ಲಿ ಭಯವಿತ್ತು: ‘ಕ್ಯೂ.ಆರ್. ಸ್ಕ್ಯಾನ್ ಮಾಡಿದರೆ ಖಾತೆಯೇ ಖಾಲಿ!’ ವರ್ತಕರ ಸಂಘವೊಂದು ಇದನ್ನು ಪ್ರಕಟಿಸುವುದೆಂದರೆ ತನ್ನ ಸದಸ್ಯರ ಗಲ್ಲಾಪೆಟ್ಟಿಗೆಯ ಮೇಲೆ ತಾನೇ ಕಲ್ಲು ಹಾಕಿಕೊಂಡಂತೆ. ಪ್ರತಿಯೊಂದು ಅಂಗಡಿಯ ಮುಂದೆಯೂ ಒಂದು ಕ್ಯೂ.ಆರ್. ಫಲಕವಿದೆ, ಗಿರಾಕಿಗಳು ಅದನ್ನೇ ಸ್ಕ್ಯಾನ್ ಮಾಡಿ ಹಣ ಕೊಡುತ್ತಾರೆ. ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಹಣ ಹೋಗುವುದಿಲ್ಲ, ಪಾವತಿಗೆ ಒಪ್ಪಿಗೆ ಕೊಟ್ಟಾಗ ಹೋಗುತ್ತದೆ. ಸುಳ್ಳಾದ ಎಚ್ಚರಿಕೆಯನ್ನು ಜನ ಎರಡು ದಿನ ನಂಬುತ್ತಾರೆ, ಮೂರನೆಯ ದಿನ ನಿಜವಾದ ಎಚ್ಚರಿಕೆಯನ್ನೂ ಬಿಟ್ಟುಬಿಡುತ್ತಾರೆ.

ಕೊನೆಗೆ ಒಪ್ಪಿತವಾಗಬೇಕಾದ ಶೀರ್ಷಿಕೆ ಹೀಗಿರಬಹುದು: ‘ಹಣ ಬರಲು ಪಿನ್ ಬೇಡ: ಮುಂಗಡದ ಕರೆ ಬಂದಾಗ ಅಂಗಡಿಯವರು ಮಾಡಬೇಕಾದ್ದು’. ಇದರಲ್ಲಿ ಮೊದಲ ನಾಲ್ಕು ಪದಗಳೇ ನಿಯಮ. ವೀಡಿಯೋವನ್ನು ತೆರೆಯದವನಿಗೂ ಅದು ದಕ್ಕುತ್ತದೆ. ಕೊಲನ್ ಚಿಹ್ನೆಯ ನಂತರ ಸಂದರ್ಭ ಬರುತ್ತದೆ, ಯಾರಿಗಾಗಿ ಎಂಬುದು ಬರುತ್ತದೆ, ಕ್ರಿಯಾಪದ ಅಂಗಡಿಯವನದಾಗಿದೆ. ವಂಚಕನು ಈ ಸಾಲಿನಲ್ಲಿ ಇಲ್ಲವೇ ಇಲ್ಲ, ಅವನ ಸೋಗೂ ಇಲ್ಲ, ಸಾಧನವೂ ಇಲ್ಲ. ಕಳ್ಳತನ ಕಲಿಯಬಯಸುವವನು ಇದನ್ನು ಓದಿ ಪಡೆಯುವುದು ಏನೂ ಇಲ್ಲ.

ಅಳತೆಯ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಯೂಟ್ಯೂಬ್ ಶೀರ್ಷಿಕೆಗೆ 100 ಚಿಹ್ನೆಗಳ ಮಿತಿ ಇದೆ. ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಗುಣಿತ ಚಿಹ್ನೆಗಳೂ ಒತ್ತಕ್ಷರದ ಅಂಶಗಳೂ ಪ್ರತ್ಯೇಕ ಚಿಹ್ನೆಗಳಾಗಿ ಎಣಿಕೆಯಾಗುತ್ತವೆ. ‘ಎಚ್ಚರಿಕೆ’ ಎಂಬ ಪದ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಎಂಟು. ಮೇಲಿನ ಶೀರ್ಷಿಕೆ ಈ ಲೆಕ್ಕದಲ್ಲಿ 56 ಆಗುತ್ತದೆ. ಮೊಬೈಲ್ ಪರದೆಯಲ್ಲಿ ಉದ್ದವಾದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುವುದರಿಂದ ನಿಯಮವನ್ನು ಮೊದಲು, ಸಂದರ್ಭವನ್ನು ನಂತರ ಇಡುವುದು ಕ್ಷೇಮ. ‘ಅಂಗಡಿಯವರಿಗೆ ಮುಂಗಡ ಕಳಿಸುವುದಾಗಿ ಹೇಳಿ ಪಿನ್ ಒತ್ತಿಸಿ...’ ಎಂಬಲ್ಲಿಗೆ ಕತ್ತರಿಸಿಹೋದ ಶೀರ್ಷಿಕೆಯನ್ನು ಊಹಿಸಿಕೊಂಡರೆ ಇದರ ಕಾರಣ ತಿಳಿಯುತ್ತದೆ. ಉಳಿದ ಅರ್ಧ ಎಷ್ಟೇ ಒಳ್ಳೆಯದಾಗಿದ್ದರೂ ಕಂಡದ್ದು ಕಳ್ಳನ ಅರ್ಧ ಮಾತ್ರ.

ನಿಯಮ ನಿಜವಾಗಿರಬೇಕು

ಶೀರ್ಷಿಕೆಯಲ್ಲಿ ನಿಯಮವನ್ನಿಡುವುದೆಂದು ತೀರ್ಮಾನಿಸಿದ ಮೇಲೆ ಆ ನಿಯಮ ಎಲ್ಲ ಸಂದರ್ಭಗಳಲ್ಲಿಯೂ ನಿಜವೇ ಎಂದು ಪರಿಶೀಲಿಸುವ ಹೊಣೆ ಬರುತ್ತದೆ. ಬಹಳಷ್ಟು ವೀಡಿಯೋಗಳು ಎಡವುವುದು ಇಲ್ಲಿಯೇ. ಯು.ಪಿ.ಐ. ವ್ಯವಸ್ಥೆಯಲ್ಲಿ ಹಣ ಸ್ವೀಕರಿಸುವವರು ಪಿನ್ ನಮೂದಿಸಬೇಕಾಗಿಲ್ಲ ಎಂಬುದು ನಿರಪವಾದ. ಆದರೆ ಅದನ್ನೇ ತಿರುಗಿಸಿ ‘ಪಿನ್ ಒತ್ತದಿದ್ದರೆ ಹಣ ಹೋಗದು’ ಎಂದು ಬರೆದರೆ ತಪ್ಪಾಗುತ್ತದೆ. ಯು.ಪಿ.ಐ. ಲೈಟ್‌ನಲ್ಲಿ ಸಣ್ಣ ಮೊತ್ತದ ಪಾವತಿಗಳು ಪಿನ್ ಇಲ್ಲದೆಯೇ ನಡೆಯುತ್ತವೆ. ಪಿನ್ ಬದಲು ಬೆರಳಚ್ಚು ಅಥವಾ ಮುಖಚಹರೆಯಿಂದ ಪಾವತಿಗೆ ಒಪ್ಪಿಗೆ ಕೊಡುವ ಅವಕಾಶವೂ 2025ರ ಅಕ್ಟೋಬರ್‌ನಲ್ಲಿ ಪ್ರಕಟವಾಗಿದೆ. ‘ಪಿನ್ ಒತ್ತಿದರೆ ಹಣ ಹೋದಂತೆಯೇ’ ಎಂಬುದೂ ಸರಿಯಲ್ಲ, ಖಾತೆಯಲ್ಲಿ ಉಳಿದಿರುವ ಹಣವನ್ನು ನೋಡುವುದಕ್ಕೂ ಪಿನ್ ಬೇಕಾಗುತ್ತದೆ. ಒಂದೇ ಸಂಗತಿಯ ಮೂರು ರೂಪಗಳಲ್ಲಿ ಒಂದು ಮಾತ್ರ ಶೀರ್ಷಿಕೆಗೆ ಯೋಗ್ಯ.

‘ಒ.ಟಿ.ಪಿ. ಯಾರಿಗೂ ಹೇಳಬೇಡಿ’ ಎಂಬ ಪ್ರಸಿದ್ಧ ವಾಕ್ಯಕ್ಕೂ ಇದೇ ಗತಿ. ಅಡುಗೆ ಅನಿಲದ ಸಿಲಿಂಡರ್ ತಂದವನಿಗೆ, ಪಾರ್ಸೆಲ್ ತಂದವನಿಗೆ ಮೊಬೈಲಿಗೆ ಬಂದ ಸಂಖ್ಯೆಯನ್ನು ಹೇಳುವುದು ದಿನನಿತ್ಯದ ರೂಢಿ. ಆ ವಾಕ್ಯವನ್ನು ಕೇಳಿದ ಗೃಹಿಣಿ ಇದು ಎಲ್ಲದಕ್ಕೂ ಅನ್ವಯಿಸುವುದಿಲ್ಲ ಎಂದು ತಾನೇ ತೀರ್ಮಾನಿಸುತ್ತಾಳೆ. ಯಾವುದಕ್ಕೆ ಅನ್ವಯಿಸುತ್ತದೆ ಎಂಬ ತೀರ್ಮಾನವನ್ನು ವಂಚಕನು ಸುಲಭವಾಗಿ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ‘ಫೋನಿನಲ್ಲಿ ಕೇಳಿದರೆ ಒ.ಟಿ.ಪಿ. ಹೇಳಬೇಡಿ, ಸಂದೇಶವನ್ನು ಪೂರ್ತಿ ಓದಿ’ ಎಂಬುದು ಉದ್ದವಾದರೂ ನಿಜಕ್ಕೆ ಹತ್ತಿರ. ಹಾಗೆಯೇ ‘ಬ್ಯಾಂಕಿನವರು ಎಂದೂ ಕರೆ ಮಾಡುವುದಿಲ್ಲ’ ಎಂಬುದು ಅಪ್ಪಟ ಸುಳ್ಳು. ಬ್ಯಾಂಕುಗಳು ಕರೆ ಮಾಡುತ್ತವೆ. ಹಣಕಾಸು ಸಂಸ್ಥೆಗಳ ಸೇವಾ ಕರೆಗಳಿಗೆಂದೇ 1600ರಿಂದ ಆರಂಭವಾಗುವ ಸಂಖ್ಯಾ ಶ್ರೇಣಿಯನ್ನು ಮೀಸಲಿಡಲಾಗಿದೆ. ಅವರು ಪಿನ್ ಅಥವಾ ಒ.ಟಿ.ಪಿ. ಕೇಳುವುದಿಲ್ಲ ಎಂಬುದಷ್ಟೇ ಹೇಳಬೇಕಾದ ಮಾತು.

ಸರ್ಕಾರಿ ಮಟ್ಟದ ಶೀರ್ಷಿಕೆಗಳನ್ನು ಈ ದೃಷ್ಟಿಯಿಂದ ನೋಡಿದರೆ ಪಾಠಗಳಿವೆ. ಭಾರತೀಯ ರಿಸರ್ವ್ ಬ್ಯಾಂಕು 2022ರಲ್ಲಿ ‘ಬಿ(ಎ)ವೇರ್’ ಎಂಬ ಕಿರುಹೊತ್ತಗೆಯನ್ನು ಹೊರತಂದಿತು. ಅರಿವು ಮತ್ತು ಎಚ್ಚರ ಎರಡನ್ನೂ ಒಂದೇ ಇಂಗ್ಲಿಷ್ ಪದದಲ್ಲಿ ಸೇರಿಸಿದ ಜಾಣ್ಮೆ ಅದರದು. ಆದರೆ ಅದರ ಉಪಶೀರ್ಷಿಕೆ ವಂಚಕರ ಕಾರ್ಯವಿಧಾನವನ್ನೇ ಮುಂದಿಟ್ಟಿತು. ಅದೇ ಬ್ಯಾಂಕಿನ ಓಂಬುಡ್ಸ್‌ಮನ್ ಕಚೇರಿ ಹೊರತಂದ ‘ರಾಜು ಮತ್ತು ನಲವತ್ತು ಕಳ್ಳರು’ ಎಂಬ ಚಿತ್ರಕಥಾ ಮಾಲೆಯಲ್ಲಿ ನಲವತ್ತು ವಂಚನೆಗಳಿದ್ದರೂ ಹೆಸರು ಪಡೆದವನು ರಾಜು, ಅಂದರೆ ಗ್ರಾಹಕ. ಕಳ್ಳರಿಗೆ ಸಂಖ್ಯೆ ಮಾತ್ರ ಇದೆ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಯವರು ತಮ್ಮ ಬಾನುಲಿ ಭಾಷಣದಲ್ಲಿ ಡಿಜಿಟಲ್ ಅರೆಸ್ಟ್ ವಂಚನೆಯ ಕುರಿತು ಮಾತನಾಡುತ್ತ ‘ರುಕೋ, ಸೋಚೋ, ಆ್ಯಕ್ಷನ್ ಲೋ’ ಎಂಬ ಸೂತ್ರ ಕೊಟ್ಟರು. ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ ಎಂಬ ಮೂರು ಕ್ರಿಯೆಗಳೂ ಕರೆ ಪಡೆದವನವೇ ಆಗಿವೆ. ಅದರ ಕೊರತೆಯೆಂದರೆ ಯಾವ ಕರೆಗೆ ಎಂಬುದು ಸೂತ್ರದಲ್ಲಿಲ್ಲ, ಅದನ್ನು ಶೀರ್ಷಿಕೆ ಪೂರೈಸಬೇಕು.

ಡಿಜಿಟಲ್ ಅರೆಸ್ಟ್ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ವಂಚಕರೇ ಹುಟ್ಟುಹಾಕಿದ ಪದ, ಅಂತಹ ಬಂಧನ ಯಾವ ಕಾನೂನಿನಲ್ಲಿಯೂ ಇಲ್ಲ. ಆದ್ದರಿಂದ ಆ ಪದವನ್ನು ಶೀರ್ಷಿಕೆಯಲ್ಲಿ ಬಳಸಬಾರದೆಂದು ವಾದಿಸುವವರಿದ್ದಾರೆ. ಆದರೆ ಕರೆಯ ಮಧ್ಯದಲ್ಲಿ ಸಿಕ್ಕಿಬಿದ್ದು ಬೆವರುತ್ತಿರುವ ವ್ಯಕ್ತಿ, ಅಥವಾ ಪಕ್ಕದ ಕೋಣೆಯಲ್ಲಿರುವ ಅವನ ಮಗಳು, ಮೊಬೈಲಿನಲ್ಲಿ ಹುಡುಕುವುದು ವಂಚಕನ ಬಾಯಿಂದ ಕೇಳಿದ ಅದೇ ಪದವನ್ನು. ಆ ಪದ ಇಲ್ಲದ ಶೀರ್ಷಿಕೆ ಅವರಿಗೆ ಸಿಗುವುದೇ ಇಲ್ಲ. ಹೀಗಾಗಿ ಪದವನ್ನು ಬಳಸಿ, ಅದೇ ಉಸಿರಿನಲ್ಲಿ ಅಲ್ಲಗಳೆಯುವುದು ಉಚಿತ: ‘ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿಲ್ಲ: ಕರೆ ಕತ್ತರಿಸಿ, 1930ಕ್ಕೆ ತಿಳಿಸಿ’.

ಶೀರ್ಷಿಕೆಯ ಸುತ್ತಮುತ್ತ

ಮುಖ್ಯ ಶೀರ್ಷಿಕೆಯನ್ನು ಎಚ್ಚರದಿಂದ ಬರೆದು, ಅದರ ಕೆಳಗಿನ ಉಪಶೀರ್ಷಿಕೆಗಳಲ್ಲಿ ಎಲ್ಲವನ್ನೂ ಕೆಡಿಸುವುದು ಅಪರೂಪವಲ್ಲ. ಯೂಟ್ಯೂಬ್ ವೀಡಿಯೋವನ್ನು ಭಾಗಗಳಾಗಿ ವಿಂಗಡಿಸಿ, 00:00ರಿಂದ ಆರಂಭಿಸಿ ಪ್ರತಿಯೊಂದಕ್ಕೂ ಸಮಯ ಹಾಗೂ ಹೆಸರು ಕೊಡುವ ಅವಕಾಶವಿದೆ. ಮಿಠಾಯಿ ಅಂಗಡಿಯ ವೀಡಿಯೋಗೆ ‘ಹಂತ 1: ನಂಬಿಕೆ ಗಳಿಸುವುದು’, ‘ಹಂತ 2: ಸಂಕೇತ ಕಳುಹಿಸುವುದು’, ‘ಹಂತ 3: ಅವಸರಪಡಿಸುವುದು’ ಎಂದು ಹೆಸರಿಟ್ಟರೆ ಅದು ಅಡುಗೆಯ ವಿಧಾನದಂತೆ ಸಿದ್ಧವಾಗಿಬಿಡುತ್ತದೆ. ಅದೇ ದೃಶ್ಯಗಳಿಗೆ ‘ದೊಡ್ಡ ಆರ್ಡರಿನ ಕರೆ ಬಂದಾಗ’, ‘ಸ್ಕ್ಯಾನ್ ಮಾಡಿ ಎಂದಾಗ’, ‘ಪಿನ್ ಕೇಳುವ ಪರದೆ ಕಂಡಾಗ’, ‘ಹಣ ಹೋಗಿಬಿಟ್ಟಿದ್ದರೆ’ ಎಂಬ ಹೆಸರುಗಳೂ ಒಪ್ಪುತ್ತವೆ. ಒಂದು ಚೌಕಟ್ಟನ್ನೂ ಬದಲಿಸದೆ ವೀಡಿಯೋ ಅಂಗಡಿಯವನ ಕಡೆಯಿಂದ ಕಾಣತೊಡಗುತ್ತದೆ.

ಮುಖಚಿತ್ರದ ವಿಷಯದಲ್ಲಿ ಒಂದು ತಾಂತ್ರಿಕ ಎಚ್ಚರಿಕೆ ಅಗತ್ಯ. ಕ್ಯೂ.ಆರ್. ವಂಚನೆಯ ವೀಡಿಯೋಗೆ ಕ್ಯೂ.ಆರ್. ಸಂಕೇತದ ಚಿತ್ರವನ್ನೇ ಹಾಕುವುದು ಸಹಜ. ಆ ಸಂಕೇತ ಜೀವಂತವಾಗಿದ್ದರೆ ನೋಡಿದವರು ಸ್ಕ್ಯಾನ್ ಮಾಡುತ್ತಾರೆ, ಅದು ಯಾರ ಖಾತೆಯದೋ ಆಗಿರುತ್ತದೆ. ಚಿತ್ರದ ಮೂರು ಮೂಲೆಗಳಲ್ಲಿರುವ ಚೌಕಗಳಲ್ಲಿ ಎರಡನ್ನು ಅಳಿಸಿದರೆ ಸಾಮಾನ್ಯವಾಗಿ ಯಂತ್ರಕ್ಕೆ ಅದು ಓದಿಸಿಕೊಳ್ಳುವುದಿಲ್ಲ, ಕಣ್ಣಿಗೆ ಮಾತ್ರ ಕ್ಯೂ.ಆರ್. ಎಂದೇ ಕಾಣುತ್ತದೆ. ಪ್ರಕಟಿಸುವ ಮುನ್ನ ಎರಡು ಮೂರು ಮೊಬೈಲುಗಳಲ್ಲಿ ಪರೀಕ್ಷಿಸಿ ನೋಡುವುದು ಅವಶ್ಯ.

ಒಳ್ಳೆಯ ಶೀರ್ಷಿಕೆಯಿದ್ದರೆ ಯೂಟ್ಯೂಬ್ ಸಂಸ್ಥೆಯ ನಿಯಮಗಳಿಂದ ರಕ್ಷಣೆ ದೊರೆಯುತ್ತದೆ ಎಂಬ ಭಾವನೆಯೂ ಪೂರ್ಣ ಸರಿಯಲ್ಲ. ಇತರರ ಗುಪ್ತ ಮಾಹಿತಿಯನ್ನು ಕದಿಯುವ ವಿಧಾನ ತೋರಿಸುವ ವೀಡಿಯೋಗಳನ್ನು ಅದರ ನಿಯಮಗಳು ನಿಷೇಧಿಸುತ್ತವೆ, ಶೈಕ್ಷಣಿಕ ಉದ್ದೇಶಕ್ಕೆ ವಿನಾಯಿತಿ ಇದೆ. ಆದರೆ ಆ ಉದ್ದೇಶ ಶೀರ್ಷಿಕೆ ಅಥವಾ ವಿವರಣೆಯಲ್ಲಿದ್ದರೆ ಸಾಲದಾಗಬಹುದು, ದೃಶ್ಯ ಅಥವಾ ಧ್ವನಿಯಲ್ಲಿಯೇ ಇರಬೇಕು ಎಂಬುದು ಸಂಸ್ಥೆಯ ನಿಲುವು. ನಿರ್ಣಯದಲ್ಲಿ ಪ್ರಮಾದಗಳೂ ಆಗುತ್ತವೆ. 2019ರ ಜುಲೈಯಲ್ಲಿ ನಲ್ ಬೈಟ್ ಎಂಬ ಅಮೆರಿಕದ ಕಂಪ್ಯೂಟರ್ ಭದ್ರತೆಯ ವಾಹಿನಿಯ ಮೇಲೆ, ವೈಫೈ ಮೂಲಕ ಪಟಾಕಿ ಹಾರಿಸುವ ಪ್ರಯೋಗದ ವೀಡಿಯೋ ಕಾರಣದಿಂದ ಕ್ರಮ ಜರುಗಿ, ಆಕ್ಷೇಪಗಳು ಎದ್ದ ನಂತರ ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತು. ಆದ್ದರಿಂದ ವೀಡಿಯೋದ ಮೊದಲ ಅರ್ಧ ನಿಮಿಷದಲ್ಲಿಯೇ ಇದು ಯಾರ ರಕ್ಷಣೆಗಾಗಿ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿಸುವುದು ಜಾಣತನ.

ಹಳಸದ ಹೆಸರು

ವಂಚನೆಯ ತಂತ್ರದ ಹೆಸರಿನಲ್ಲಿ ಇಟ್ಟ ಶೀರ್ಷಿಕೆ ಬೇಗನೆ ಹಳಸುತ್ತದೆ. ಯು.ಪಿ.ಐ. ಮೂಲಕ ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೊಡಿ’ ಎಂಬ ಕೋರಿಕೆ ಕಳುಹಿಸುವ ಸೌಲಭ್ಯ ಹಲವು ವರ್ಷ ವಂಚಕರ ಅಚ್ಚುಮೆಚ್ಚಿನ ಸಾಧನವಾಗಿತ್ತು. ಅದನ್ನು ಕುರಿತ ವೀಡಿಯೋಗಳು ‘ಕಲೆಕ್ಟ್ ರಿಕ್ವೆಸ್ಟ್ ವಂಚನೆ’ ಎಂಬ ಹೆಸರಿನಲ್ಲಿಯೇ ಬಂದವು. ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವಿನ ಆ ಸೌಲಭ್ಯವನ್ನೇ ನಿಲ್ಲಿಸಿತು. ಆ ಶೀರ್ಷಿಕೆಗಳು ಈಗ ನಿಷ್ಪ್ರಯೋಜಕ, ಆದರೆ ಅವುಗಳ ಒಳಗಿದ್ದ ‘ಹಣ ಬರಲು ಪಿನ್ ಬೇಡ’ ಎಂಬ ನಿಯಮ ಮೊದಲಿನಷ್ಟೇ ನಿಜ.

ದೂರು ಸಂಖ್ಯೆಯ ವಿಷಯವೂ ಹೀಗೆಯೇ. 2021ರಲ್ಲಿ ಆರಂಭವಾದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 155260 ಆಗಿತ್ತು, ನಂತರ ಅದು 1930 ಆಯಿತು. ಯೂಟ್ಯೂಬ್‌ನಲ್ಲಿ ಶೀರ್ಷಿಕೆಯನ್ನೂ ವಿವರಣೆಯನ್ನೂ ಯಾವಾಗ ಬೇಕಾದರೂ ತಿದ್ದಬಹುದು. ವೀಡಿಯೋದೊಳಗೆ ಅಚ್ಚೊತ್ತಿದ ಸಂಖ್ಯೆಯನ್ನು ತಿದ್ದಲಾಗದು, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಪ್ರತಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಲೂ ಆಗದು. ಆದ್ದರಿಂದ ಕಡತವನ್ನು ಹಂಚುವ ಬದಲು ಕೊಂಡಿಯನ್ನು ಹಂಚುವುದು, 1930 ಹಾಗೂ cybercrime.gov.in ಎಂಬ ವಿಳಾಸವನ್ನು ವಿವರಣೆಯ ಮೊದಲ ಸಾಲಿನಲ್ಲಿಡುವುದು ರೂಢಿಯಾಗಬೇಕು.

ಹಣ ಕಳೆದುಕೊಂಡವರನ್ನು ಸೆಳೆಯುವ ಆಸೆಯಿಂದ ‘ಹೋದ ಹಣ ವಾಪಸ್ ಪಡೆಯಿರಿ’ ಎಂದು ಶೀರ್ಷಿಕೆ ಇಡುವವರೂ ಇದ್ದಾರೆ. ಬೇಗನೆ ದೂರು ಕೊಟ್ಟಲ್ಲಿ, ಹಣ ಇನ್ನೂ ಮುಂದಿನ ಖಾತೆಗಳಲ್ಲಿ ಉಳಿದಿದ್ದರೆ ಅದನ್ನು ತಡೆಹಿಡಿಯಲು ಸಾಧ್ಯ, ಅಷ್ಟೇ. ಖಚಿತವಾಗಿ ಮರಳುತ್ತದೆ ಎಂಬ ಭರವಸೆ ಯಾರೂ ಕೊಡಲಾಗದು. ಅದಕ್ಕೂ ಮಿಗಿಲಾಗಿ, ಅಂತಹ ಶೀರ್ಷಿಕೆಯ ಕೆಳಗೆ ಸೇರುವವರು ಈಗಾಗಲೇ ಒಮ್ಮೆ ಮೋಸಹೋದವರು. ಅವರನ್ನೇ ಹುಡುಕಿಕೊಂಡು ‘ನಿಮ್ಮ ಹಣ ಬಿಡಿಸಿಕೊಡುತ್ತೇವೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪ್ರತಿಕ್ರಿಯೆಗಳಲ್ಲಿ ಬರೆಯುವ ಎರಡನೆಯ ಸುತ್ತಿನ ವಂಚಕರು ಬರುತ್ತಾರೆ. ಸಂಘದ ವಾಹಿನಿಯ ಮೇಲಿನ ವಿಶ್ವಾಸವೇ ಅವರಿಗೆ ಬಂಡವಾಳವಾಗುತ್ತದೆ. ಪ್ರತಿಕ್ರಿಯೆಗಳು ಪರಿಶೀಲನೆಯ ನಂತರವೇ ಪ್ರಕಟವಾಗುವಂತೆ ವಾಹಿನಿಯ ಸೆಟ್ಟಿಂಗ್‌ನಲ್ಲಿ ವ್ಯವಸ್ಥೆ ಇದೆ. ಪರಿಶೀಲಿಸಲು ಕಚೇರಿಯಲ್ಲಿ ಯಾರಿಗೂ ಬಿಡುವಿಲ್ಲದಿದ್ದಲ್ಲಿ, ಪ್ರತಿಕ್ರಿಯೆಗಳ ವಿಭಾಗವನ್ನೇ ಮುಚ್ಚಿ, ಸಂಶಯಗಳಿಗೆ ಸಂಘದ ಕಚೇರಿಯ ವೇಳೆಯನ್ನು ವಿವರಣೆಯಲ್ಲಿ ನಮೂದಿಸುವುದು ಸೂಕ್ತ.